ಸ್ಟ್ಯಾಂಡಿಯ ಕೊನೆಯ ಸಾಲು ಎಲ್ಲಿ ಹೋಗುತ್ತದೆ?

ಬಸವೇಶ್ವರನಗರದಲ್ಲಿ ಭಾನುವಾರದ ಕಣ್ಣು ತಪಾಸಣಾ ಶಿಬಿರ, ವಿಜಯನಗರದಲ್ಲಿ ಟ್ಯೂಷನ್ ಕೇಂದ್ರದ ಬಾಗಿಲು, ರಾಜಾಜಿನಗರದ ಕಲ್ಯಾಣ ಮಂಟಪದಲ್ಲಿ ರಂಗಪ್ರವೇಶ, ಕೆಂಗೇರಿ ಕಡೆಯ ಕಾಲೇಜಿನಲ್ಲಿ ವಾರ್ಷಿಕೋತ್ಸವ. ಇವೆಲ್ಲದರ ಮುಂದೆಯೂ ಈಗ ಒಂದು ಸ್ಟ್ಯಾಂಡಿ ನಿಂತಿರುತ್ತದೆ. ಅದರ ನೆತ್ತಿಯನ್ನು ಬಿಟ್ಟು ಬುಡವನ್ನು ಒಮ್ಮೆ ನೋಡಿ. ಕೊನೆಯ ಸಾಲಿನ ವಿಳಾಸದ ಕೆಳ ಅರ್ಧ ಪೆಟ್ಟಿಗೆಯೊಳಗೆ ಇಳಿದಿರುತ್ತದೆ. ಫೋನ್ ನಂಬರಿನಲ್ಲಿರುವುದು 8 ಅಂಕಿಯೋ 9 ಅಂಕಿಯೋ ತಿಳಿಯುವುದಿಲ್ಲ. ಸುತ್ತ ಚೌಕಟ್ಟಿನ ಗೆರೆ ಎಳೆದಿದ್ದರೆ ಮೂರು ಕಡೆ ಮಾತ್ರ ಉಳಿದು ನಾಲ್ಕನೆಯ ಗೆರೆ ಕಾಣೆಯಾಗಿರುತ್ತದೆ. ಜನ ಇದನ್ನು ಪ್ರಿಂಟಿಂಗ್ ಅಂಗಡಿಯ ತಪ್ಪು ಎಂದುಕೊಳ್ಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಆಗಿರುವುದು ಅದಕ್ಕೂ ಮೊದಲು, ಫೈಲಿನ ಅಳತೆ ನಿಗದಿ ಮಾಡುವ ಹೊತ್ತಿನಲ್ಲಿ.

ಕಾರಣ ತಿಳಿಯಬೇಕಾದರೆ ಸ್ಟ್ಯಾಂಡಿನ ಒಳಗೆ ಏನಿದೆ ಎಂದು ನೋಡಬೇಕು. ತಳದಲ್ಲಿ ಅಲ್ಯೂಮಿನಿಯಂನ ಉದ್ದನೆಯ ಪೆಟ್ಟಿಗೆ ಇದೆ. ಇದನ್ನೇ ಕ್ಯಾಸೆಟ್ ಎನ್ನುತ್ತಾರೆ. ಅಂಗಡಿಯಲ್ಲಿ ಬೇಸ್ ಎಂದರೂ ಗೊತ್ತಾಗುತ್ತದೆ. ಅದರೊಳಗೆ ಸ್ಪ್ರಿಂಗ್ ತುಂಬಿದ ರೋಲರ್, ಅಂಗಡಿಯ ರೋಲಿಂಗ್ ಶಟರಿನಲ್ಲಿ ಇರುವಂಥದ್ದೇ, ಗಾತ್ರದಲ್ಲಿ ಚಿಕ್ಕದು. ಆ ರೋಲರಿಗೆ ಕಾರ್ಖಾನೆಯಲ್ಲೇ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಅಂಟಿಸಿರುತ್ತಾರೆ. ಅದರ ತುದಿ ಪೆಟ್ಟಿಗೆಯ ಸೀಳಿನಿಂದ ಸ್ವಲ್ಪ ಹೊರಗೆ ಇಣುಕುತ್ತಿರುತ್ತದೆ. ಅಂಗಡಿಯ ಹುಡುಗ ನಮ್ಮ ಪ್ರಿಂಟಿನ ಕೆಳ ಅಂಚನ್ನು ಈ ಪಟ್ಟಿಗೆ ಡಬಲ್ ಟೇಪಿನಿಂದ ಅಂಟಿಸಿ, ಮೇಲಂಚಿಗೆ ಒಂದು ಅಡ್ಡಪಟ್ಟಿ ಕಚ್ಚಿಸಿ, ಆಮೇಲೆ ಪಕ್ಕದ ಪಿನ್ ಕಿತ್ತು, ಕೈ ಬಿಡದೆ ನಿಧಾನವಾಗಿ ಪ್ರಿಂಟನ್ನು ಒಳಗೆ ಬಿಡುತ್ತಾನೆ. ನಿಲ್ಲಿಸುವಾಗ ಹಿಂದಿನಿಂದ ಒಂದು ಕೋಲು ಬೇಸಿಗೆ ಸಿಕ್ಕಿಸಿ, ಪ್ರಿಂಟನ್ನು ಮೇಲೆಳೆದು ಕೋಲಿನ ತುದಿಗೆ ತಗುಲಿಸಿದರೆ ಮುಗಿಯಿತು.

ಇಷ್ಟರಲ್ಲೇ ಎಲ್ಲದರ ಬೀಗದ ಕೈ ಇದೆ. ಪ್ರಿಂಟ್ ಎಷ್ಟು ಎತ್ತರ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಪ್ರಿಂಟ್ ಅಲ್ಲ, ಆ ಕೋಲು. ಸೀಳಿನಿಂದ ಮೇಲಿನ ಅಡ್ಡಪಟ್ಟಿಯವರೆಗೆ ಕೋಲು ಎಷ್ಟು ದೂರ ಹಿಡಿದು ನಿಲ್ಲಿಸುತ್ತದೋ ಅಷ್ಟು ಮಾತ್ರ ಹೊರಗೆ; ಉಳಿದದ್ದೆಲ್ಲ ಸ್ಪ್ರಿಂಗಿನ ಪಾಲು. ಪ್ರಿಂಟ್ ಉದ್ದವಾಗಿದ್ದರೆ ಹೆಚ್ಚು ಭಾಗ ಒಳಗೆ ಉಳಿಯುತ್ತದೆ. ಗಿಡ್ಡವಾಗಿದ್ದರೆ ನಮ್ಮ ಪ್ರಿಂಟ್ ಮುಗಿದು, ಟೇಪಿನ ಜೋಡಣೆಯೂ ಅದರ ಕೆಳಗಿನ ಬರಿಯ ಪಟ್ಟಿಯೂ ಹೊರಗೆ ಕಾಣುತ್ತದೆ. ಅದು ನೋಡಲು ಅಸಹ್ಯ ಎನ್ನುವುದು ಸಣ್ಣ ಮಾತು. ಜೋಡಣೆ ಹೊರಗಿದ್ದರೆ ಸ್ಪ್ರಿಂಗಿನ ಇಡೀ ಎಳೆತ ಆ ಟೇಪಿನ ಮೇಲೆ ಬೀಳುತ್ತದೆ. ಮಧ್ಯಾಹ್ನದ ಬಿಸಿಗೆ ಅಂಟು ಮೆತ್ತಗಾದಾಗ ಅದು ಒಂದು ಮೂಲೆಯಿಂದ ಬಿಡಲು ಶುರುವಾಗುತ್ತದೆ. ಪ್ರಿಂಟಿನ ಕೆಳಭಾಗ ರೋಲರಿನ ಮೇಲೆ ಒಂದು ಸುತ್ತಾದರೂ ಉಳಿದಿದ್ದರೆ ಎಳೆತದ ಬಹುಪಾಲನ್ನು ಆ ಸುತ್ತಿನ ಘರ್ಷಣೆಯೇ ಹೊತ್ತುಕೊಳ್ಳುತ್ತದೆ, ಟೇಪಿಗೆ ಹೆಚ್ಚು ಕೆಲಸ ಇರುವುದಿಲ್ಲ. ಅಂದರೆ ಕೆಳಗೆ ನಾಲ್ಕಾರು ಇಂಚು ಒಳಗೆ ಹೋಗುವುದು ಪೋಲಲ್ಲ. ಹೋಗಲೇಬೇಕು. ನಾವು ಮಾಡಬೇಕಾದದ್ದು ಆ ಜಾಗದಲ್ಲಿ ಅಕ್ಷರ ಇಡದಿರುವುದು.

ಹಾಗೆಂದು ಒಂದೂವರೆ ಅಡಿ ಒಳಗೆ ಬಿಡಲೂ ಆಗದು. ಪೂರ್ತಿ ಸುತ್ತಿದಾಗ ಹಿಡಿಯುವಷ್ಟೇ ಜಾಗ ಪೆಟ್ಟಿಗೆಯಲ್ಲಿರುತ್ತದೆ. ಸ್ಟಾರ್ ಫ್ಲೆಕ್ಸಿನಂಥ ದಪ್ಪ ಹಾಳೆಯಾದರೆ ಸುತ್ತು ಬೇಗ ದಪ್ಪವಾಗಿ ಒಳಗೋಡೆಗೆ ಉಜ್ಜುತ್ತದೆ, ಸ್ಪ್ರಿಂಗ್ ಎಳೆಯಲಾರದೆ ಅರ್ಧದಲ್ಲಿ ನಿಂತುಬಿಡುತ್ತದೆ. ಅಂಗಡಿಯಲ್ಲಿ ನಾನ್ ಟೇರಬಲ್ ಎಂದು ಕೇಳಿದರೆ ಕೊಡುವ ತೆಳು ಹಾಳೆಗೆ ಈ ತೊಂದರೆ ಕಡಿಮೆ.

ಈಗ ಅಳತೆಯ ವಿಷಯ. ನಮ್ಮಲ್ಲಿ ಸ್ಟ್ಯಾಂಡಿ ಕೇಳುವುದು ಅಡಿ ಲೆಕ್ಕದಲ್ಲಿ: ಮೂರಕ್ಕೆ ಆರು, ಎರಡೂವರೆಗೆ ಆರು, ಎರಡಕ್ಕೆ ಐದು. ಇದರಲ್ಲಿ ಮೂರಕ್ಕೆ ಆರು ಎನ್ನುವುದು ವಸ್ತುವಿನ ಹೆಸರೇ ಆಗಿಬಿಟ್ಟಿದೆ. ಅದು ಸ್ಟ್ಯಾಂಡಿನ ಅಳತೆಯೋ, ಪ್ರಿಂಟಿನದೋ, ಕಾಣುವ ಭಾಗದ್ದೋ ಎಂದು ಯಾರೂ ಕೇಳುವುದಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಸಿದ್ಧ ವಿನ್ಯಾಸಗಳದ್ದು ಬೇರೆಯೇ ಲೋಕ. ಅವುಗಳಲ್ಲಿ ಹೆಚ್ಚಿನವು 850 ಮಿಲಿಮೀಟರ್ ಅಗಲ, 2000 ಮಿಲಿಮೀಟರ್ ಎತ್ತರದ ಲೆಕ್ಕದಲ್ಲಿ ಮಾಡಿದವು. ಅಲ್ಲಿ ಅಗಲ ಒಂದಾದರೆ ಎತ್ತರ ಸುಮಾರು 2.35. ನಮ್ಮ ಮೂರಕ್ಕೆ ಆರರಲ್ಲಿ ಅಗಲ ಒಂದಾದರೆ ಎತ್ತರ ಎರಡು. ಅವಸರದಲ್ಲಿ ಒಂದನ್ನು ಇನ್ನೊಂದರೊಳಗೆ ಹಿಗ್ಗಿಸಿ ಕೂರಿಸಿದರೆ ಅಗಲ ಹಿಗ್ಗುತ್ತದೆ, ಎತ್ತರ ಕುಗ್ಗುತ್ತದೆ. ಎರಡೂ ಸೇರಿ ಅಕ್ಷರಗಳು ಶೇಕಡಾ 18ರಷ್ಟು ಡುಮ್ಮಗಾಗುತ್ತವೆ. ಇಂಗ್ಲಿಷಿನ ನೇರ ಗೆರೆಗಳು ಈ ಪೆಟ್ಟನ್ನು ಹೇಗೋ ತಡೆದುಕೊಳ್ಳುತ್ತವೆ. ಕನ್ನಡದ ದುಂಡು ಅಕ್ಷರಕ್ಕೆ ಅದು ತಡೆಯದು. ಠಕಾರ ಮೊಟ್ಟೆಯಾಗಿ ಅಡ್ಡ ಮಲಗಿದ್ದನ್ನು ಕಂಡರೆ ಓದುವವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲು ಗೊತ್ತಾಗುವುದಿಲ್ಲ.

ಆದ್ದರಿಂದ ಡಿಸೈನ್ ಶುರು ಮಾಡುವ ಮೊದಲು ಸ್ಟ್ಯಾಂಡನ್ನೇ ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಲ್ಲಿ ಪ್ರದರ್ಶನಕ್ಕೆಂದು ಒಂದನ್ನು ನಿಲ್ಲಿಸಿರುತ್ತಾರೆ. ನೀವು ಕೊಳ್ಳುವುದು ಅದೇ ಮಾದರಿಯೇ ಎಂದು ಕೇಳಿ, ಟೇಪು ಹಿಡಿದು ಎರಡು ಅಳತೆ ತೆಗೆದುಕೊಳ್ಳಿ: ನೆಲದಿಂದ ಸೀಳಿಗೆ ಎಷ್ಟು, ಸೀಳಿನಿಂದ ಮೇಲಿನ ಅಡ್ಡಪಟ್ಟಿಯ ಕೆಳಂಚಿಗೆ ಎಷ್ಟು. ಒಂದೇ ಹೆಸರಿನ ಎರಡು ಸ್ಟ್ಯಾಂಡುಗಳಲ್ಲಿ ಈ ಅಳತೆ ಬೇರೆ ಬೇರೆ ಇರಬಹುದು. ಕೋಲು ಎತ್ತರಿಸಿ ಇಳಿಸುವಂಥದ್ದಾಗಿದ್ದರೆ ಎಷ್ಟು ಎತ್ತರದಲ್ಲಿ ನಿಲ್ಲಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಬಸವೇಶ್ವರನಗರದ ಕಣ್ಣಿನ ಶಿಬಿರಕ್ಕೆ ಮೂರಕ್ಕೆ ಆರರ ಒಂದು ಸ್ಟ್ಯಾಂಡಿ ಬೇಕು ಎಂದುಕೊಳ್ಳಿ. ಅಳೆದಾಗ ನೆಲದಿಂದ ಸೀಳಿಗೆ ಮೂರೂವರೆ ಇಂಚು, ಸೀಳಿನಿಂದ ಅಡ್ಡಪಟ್ಟಿಗೆ 71 ಇಂಚು ಬಂದಿತು. ಆರು ಅಡಿಯೆಂದು 72 ಇಂಚಿನ ಪ್ರಿಂಟ್ ಹಾಕಿಸಿದರೆ ಏನಾಗುತ್ತದೆ? 71 ಇಂಚು ಹೊರಗೆ ಬೇಕು, ಮೇಲೆ ಅಡ್ಡಪಟ್ಟಿಯ ಬಾಯಿಗೆ ಒಂದು ಇಂಚು ಹೋಗುತ್ತದೆ, ಒಳಗೆ ಉಳಿಯುವುದು ಸೊನ್ನೆ. ಜೋಡಣೆ ಸರಿಯಾಗಿ ಸೀಳಿನ ಮೇಲೆ ಬಂದು ಕೂರುತ್ತದೆ. ಅದಕ್ಕೇ ಇಲ್ಲಿ ಫೈಲು 36 ಇಂಚು ಅಗಲ, 78 ಇಂಚು ಎತ್ತರ ಇರಬೇಕು: ಮೇಲೆ ಒಂದು ಇಂಚು ಪಟ್ಟಿಗೆ, 71 ಇಂಚು ಕಾಣುವುದಕ್ಕೆ, 6 ಇಂಚು ಪೆಟ್ಟಿಗೆಗೆ. ಅಂಗಡಿಯವರು ಚದರಡಿ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ. 18 ಚದರಡಿ ಇದ್ದದ್ದು ಹತ್ತೊಂಬತ್ತೂವರೆ ಆಗುತ್ತದೆ. ಇಡೀ ಪ್ರಿಂಟನ್ನು ಎರಡನೆಯ ಸಲ ಹಾಕಿಸುವುದರ ಮುಂದೆ ಈ ಒಂದೂವರೆ ಚದರಡಿ ಏನೂ ಅಲ್ಲ.

ಪೆಟ್ಟಿಗೆಯೊಳಗಿನ ಆರು ಇಂಚು ಬಿಟ್ಟರೆ ಸಾಕೇ? ಸಾಲದು. ಸೀಳಿನ ಮೇಲೆಯೂ ಇನ್ನೊಂದು ಎಂಟು ಇಂಚನ್ನು ಬರಿಯ ಬಣ್ಣಕ್ಕೆ ಬಿಡಬೇಕು. ಅಲ್ಲಿ ಅಕ್ಷರ ಬೇಡ, ಲೋಗೋ ಬೇಡ. ಆ ಜಾಗ ಕಾಣುತ್ತದೆ, ಆದರೆ ಓದಿಸಿಕೊಳ್ಳುವುದಿಲ್ಲ. ನೆಲದಿಂದ ಹನ್ನೊಂದೂವರೆ ಇಂಚಿಗಿಂತ ಕೆಳಗೆ, ಅಂದರೆ ಮೊಣಕಾಲಿಗಿಂತಲೂ ಕೆಳಗೆ ಇರುವುದನ್ನು ಸಾಲಿನಲ್ಲಿ ನಿಂತವರು ನೋಡುವುದಿಲ್ಲ. ಮುಂದೆ ನಿಂತವರ ಕಾಲು, ಚಪ್ಪಲಿ, ಪ್ಲಾಸ್ಟಿಕ್ ಕುರ್ಚಿ ಅದನ್ನು ಮುಚ್ಚಿರುತ್ತವೆ. ಇನ್ನೊಂದು ಕಾರಣವೂ ಇದೆ. ಪ್ರತಿ ಸಲ ಎಳೆದು ಬಿಡುವಾಗ ಪ್ರಿಂಟ್ ಸೀಳಿನ ಅಂಚಿಗೆ ಉಜ್ಜುತ್ತದೆ. ಕಡುಗಪ್ಪು ಅಥವಾ ಕಡುನೀಲಿ ಬಳಿದಿದ್ದರೆ ಗೀರುಗಳು ಬೇಗ ಎದ್ದು ಕಾಣುತ್ತವೆ. ತಿಳಿ ಬಣ್ಣವಾದರೆ ಅದೇ ಗೀರು ಕಣ್ಣಿಗೆ ಬೀಳುವುದಿಲ್ಲ. ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಹೀಗೆ ಫೈಲಿನ ಬುಡದಿಂದ 14 ಇಂಚಿನವರೆಗೆ ಮ್ಯಾಟರ್ ಇಲ್ಲ. ಬಣ್ಣ ಮಾತ್ರ ಕಟ್ಟಕಡೆಯವರೆಗೂ ಹರಿಯಬೇಕು, ಸೀಳಿನ ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಬಾರದು. ಅಂಟಿಸುವಾಗ ಅರ್ಧ ಇಂಚು ಆಚೀಚೆ ಆಗುವುದು ಸಹಜ. ಬಣ್ಣ ಸೀಳಿನಲ್ಲೇ ಮುಗಿದಿದ್ದರೆ ಆ ಅರ್ಧ ಇಂಚು ಬಿಳಿ ಪಟ್ಟಿಯಾಗಿ ಕಾಣುತ್ತದೆ. ಬುಡದಲ್ಲಿ ಅಡ್ಡ ಗೆರೆ, ಬೇರೆ ಬಣ್ಣದ ಪಟ್ಟಿ, ಬಾರ್ಡರ್ ಹಾಕುವುದೂ ಬೇಡವೆನ್ನುತ್ತೇನೆ. ಪ್ರಿಂಟನ್ನು ರೋಲರಿನ ಪಟ್ಟಿಗೆ ಕೂದಲೆಳೆಯಷ್ಟೂ ವಾರೆಯಾಗದಂತೆ ಅಂಟಿಸುವುದು ಕಷ್ಟ. ಮೂರು ಅಡಿ ಅಗಲದಲ್ಲಿ ಕಾಲು ಇಂಚು ವಾರೆಯಾದರೆ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಸೀಳಿಗೆ ಹತ್ತಿರದಲ್ಲಿ ಒಂದು ಅಡ್ಡ ಗೆರೆ ಇದ್ದರೆ ಆ ಗೆರೆಯೂ ಸೀಳೂ ಸಮಾನಾಂತರವಾಗಿಲ್ಲ ಎಂಬುದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ವಾರೆ ಇನ್ನೂ ಹೆಚ್ಚಿದ್ದರೆ ಸುತ್ತಿಕೊಳ್ಳುವಾಗ ಹಾಳೆ ಒಂದು ಪಕ್ಕಕ್ಕೆ ಸರಿಯುತ್ತ ಹೋಗಿ, ಅದರ ಅಂಚು ಪೆಟ್ಟಿಗೆಯ ಮುಚ್ಚಳಕ್ಕೆ ಉಜ್ಜಿ ಮಡಿಚಿಕೊಳ್ಳುತ್ತದೆ. ನಾಲ್ಕು ಸಲ ಬಳಸಿದ ಸ್ಟ್ಯಾಂಡಿಯ ಒಂದೇ ಅಂಚು ನಲುಗಿದ್ದರೆ ಕಾರಣ ಇದೇ.

ಕನ್ನಡದಲ್ಲಿ ಮ್ಯಾಟರ್ ಇರುವವರಿಗೆ ಇಲ್ಲಿ ಇನ್ನೊಂದು ಎಚ್ಚರ ಬೇಕು. ಕೊನೆಯ ಸಾಲನ್ನು ಗೈಡ್ ಗೆರೆಗೆ ಕೂರಿಸುವಾಗ ಸಾಫ್ಟ್‌ವೇರು ಅಕ್ಷರದ ಪಾದವನ್ನು ಗೆರೆಗೆ ಹೊಂದಿಸುತ್ತದೆ, ಒತ್ತಕ್ಷರದ ಪಾದವನ್ನಲ್ಲ. ರಾಜಾಜಿನಗರ, ವಿಜಯನಗರ, ಕೆಂಗೇರಿ ಎಂದು ಬರೆದರೆ ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಬಸವೇಶ್ವರನಗರ ಎಂದ ಕೂಡಲೇ ವಒತ್ತು ಕೆಳಗಿಳಿಯುತ್ತದೆ. ವಿಳಾಸದಲ್ಲಿ ಮಾಗಡಿ ರಸ್ತೆ ಇದ್ದರೆ ತಒತ್ತು, ಆಸ್ಪತ್ರೆ ಇದ್ದರೆ ಒಂದೇ ಪದದಲ್ಲಿ ಎರಡು ಒತ್ತು. ಎರಡು ಇಂಚು ಎತ್ತರದ ಅಕ್ಷರದಲ್ಲಿ ಒತ್ತು ಒಂದು ಇಂಚಿನಷ್ಟು ಕೆಳಗೆ ಚಾಚುವುದುಂಟು. ಫಾಂಟಿನಿಂದ ಫಾಂಟಿಗೆ ಇದು ಬದಲಾಗುತ್ತದೆ. ಇಂಗ್ಲಿಷ್ ಮ್ಯಾಟರಿಗೆಂದು ಮಾಡಿದ ವಿನ್ಯಾಸದಲ್ಲಿ ಕನ್ನಡ ತುಂಬಿದಾಗ ಕೊನೆಯ ಸಾಲು ಮೊದಲು ಏಟು ತಿನ್ನುವುದು ಇದರಿಂದ. ಆ 14 ಇಂಚನ್ನು ಒತ್ತಿನ ತುದಿಯಿಂದ ಎಣಿಸಬೇಕು. ಮ್ಯಾಟರನ್ನು ಕರ್ವ್ಸ್‌ಗೆ ಬದಲಿಸಿದ ಮೇಲೆ ಅಳೆದರೆ ಒತ್ತೂ ಸೇರಿದ ನಿಜವಾದ ಎತ್ತರ ಸಿಗುತ್ತದೆ. ಹಾಗೆ ಬದಲಿಸಿ ಕೊಡುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ನುಡಿ ಅಥವಾ ಬರಹದ ಅದೇ ಫಾಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಬುಡವನ್ನು ಖಾಲಿ ಬಿಟ್ಟಮೇಲೆ ಅಲ್ಲಿದ್ದ ಫೋನ್ ನಂಬರ್, ವಿಳಾಸ, ಕ್ಯೂಆರ್ ಕೋಡ್ ಎಲ್ಲಿಗೆ ಹೋಗಬೇಕು? ಉತ್ತರ ಸಿಗಬೇಕಾದರೆ ಫೈಲನ್ನು ಹಾಳೆಯೆಂದು ನೋಡುವುದನ್ನು ಬಿಟ್ಟು ನೆಲದಿಂದ ಎತ್ತರ ಎಷ್ಟು ಎಂದು ನೋಡಬೇಕು. ನಮ್ಮ ಲೆಕ್ಕದ ಸ್ಟ್ಯಾಂಡಿಯಲ್ಲಿ ಅಡ್ಡಪಟ್ಟಿಯ ಕೆಳಂಚು ನೆಲದಿಂದ ಎಪ್ಪತ್ನಾಲ್ಕೂವರೆ ಇಂಚಿನಲ್ಲಿದೆ. 78 ಇಂಚಿನ ಫೈಲಿನ ನಟ್ಟನಡುವೆ, 39ನೆಯ ಇಂಚಿನಲ್ಲಿ, ಇಟ್ಟದ್ದು ನೆಲದಿಂದ ಮೂವತ್ತಾರೂವರೆ ಇಂಚಿಗೆ ಬರುತ್ತದೆ. ಅದು ಬರಿಯ ಮೂರು ಅಡಿ, ಸೊಂಟದ ಮಟ್ಟ. ಕಂಪ್ಯೂಟರಿನ ಪರದೆಯ ಮೇಲೆ ನಡುವೆ ಕಾಣುವುದು ಮಂಟಪದಲ್ಲಿ ಸೊಂಟಕ್ಕೆ ಇಳಿದಿರುತ್ತದೆ. ಪರದೆಯ ಕೆಳ ಅರ್ಧದಲ್ಲಿ ಇಟ್ಟದ್ದೆಲ್ಲ ಸೊಂಟಕ್ಕಿಂತ ಕೆಳಗೆ.

ನಿಂತ ವ್ಯಕ್ತಿಯ ಕಣ್ಣು ಹೆಚ್ಚುಕಡಿಮೆ ಐದು ಅಡಿಯಲ್ಲಿರುತ್ತದೆ. ಶಿಬಿರದ ಹೆಸರು, ದಿನಾಂಕ ಐದರಿಂದ ಆರು ಅಡಿಯ ನಡುವೆ ಬಂದರೆ ಮುಂದಿನವರ ತಲೆಯ ಮೇಲಿನಿಂದಲೂ ಓದಬಹುದು. ಫೈಲಿನಲ್ಲಿ ಅದು ಮೇಲಿನಿಂದ ಮೂರೂವರೆ ಇಂಚಿಗೆ ಶುರುವಾಗಿ ಹದಿನೈದೂವರೆ ಇಂಚಿಗೆ ಮುಗಿಯುತ್ತದೆ. ಕ್ಯೂಆರ್ ಕೋಡು ಫೋನ್ ಹಿಡಿದ ಕೈಯ ಮಟ್ಟಕ್ಕೆ, ನೆಲದಿಂದ ಮೂರೂವರೆ ಅಡಿಯಿಂದ ನಾಲ್ಕು ಅಡಿಯ ನಡುವೆ ಇದ್ದರೆ ನಿಂತವರೂ ಗಾಲಿಕುರ್ಚಿಯಲ್ಲಿ ಕುಳಿತವರೂ ಬಾಗದೆ ಸ್ಕ್ಯಾನ್ ಮಾಡಬಹುದು. ಆರು ಇಂಚಿನ ಚೌಕವಾದರೆ ಫೈಲಿನ ಮೇಲಿನಿಂದ ಇಪ್ಪತ್ತೇಳೂವರೆ ಇಂಚಿನಿಂದ ಮೂವತ್ತಮೂರೂವರೆ ಇಂಚಿನವರೆಗೆ. ಅಂದರೆ ನಾವು ವಾಡಿಕೆಯಲ್ಲಿ ತೀರಾ ಕೆಳಗೆ ಇಡುವ ಕ್ಯೂಆರ್ ಕೋಡಿನ ಸರಿಯಾದ ಜಾಗ ಫೈಲಿನ ಮೇಲರ್ಧದಲ್ಲಿದೆ! ಕೋಡಿನ ಅಗಲ ಓದುವ ದೂರದ ಹತ್ತನೆಯ ಒಂದು ಭಾಗವಾದರೂ ಇರಲಿ ಎಂಬ ಲೆಕ್ಕ ರೂಢಿಯಲ್ಲಿದೆ. ಆರು ಇಂಚು ಐದು ಅಡಿ ದೂರಕ್ಕೆ ಆಗುತ್ತದೆ. ಫೋನ್ ನಂಬರು ಅದರ ಪಕ್ಕಕ್ಕೆ ಅಥವಾ ತಕ್ಷಣ ಕೆಳಗೆ ಬರಲಿ. ಸೊಂಟದ ಕೆಳಗಿನ ಜಾಗಕ್ಕೆ ಓದಲೇಬೇಕಾಗಿಲ್ಲದ ಚಿತ್ರವನ್ನು ಬಿಡಬಹುದು, ಪ್ರಾಯೋಜಕರ ಲೋಗೋಗಳನ್ನು ಅದರ ಮೇಲುಗಡೆ ಇಡಬಹುದು.

ಸ್ಟ್ಯಾಂಡಿ ನಿಲ್ಲುವುದು ನೋಂದಣಿ ಮೇಜಿನ ಹಿಂದೆ ಎಂದು ಗೊತ್ತಿದ್ದರೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮೇಜು ಎರಡೂವರೆ ಅಡಿ, ಅಲ್ಲಿ ಕುಳಿತ ಸ್ವಯಂಸೇವಕರ ತಲೆ ನಾಲ್ಕು ಅಡಿಯವರೆಗೆ. ಆಗ ನಾಲ್ಕು ಅಡಿಗಿಂತ ಕೆಳಗಿನದನ್ನು ಇಲ್ಲವೆಂದೇ ತಿಳಿದು ಡಿಸೈನ್ ಮಾಡಬೇಕು, ಕ್ಯೂಆರ್ ಕೋಡನ್ನು ಮೇಜಿನ ಮೇಲೆ ಬೇರೆ ಕಾರ್ಡಿನಲ್ಲಿ ಇಡಬೇಕು.

ಫೈಲು ಕೊಡುವಾಗ ಒಂದು ತೊಡಕು ಎದುರಾಗುತ್ತದೆ. ಡಿಸೈನರು 36ಕ್ಕೆ 78 ಇಂಚು ಮಾಡಿ ಕಳುಹಿಸಿದರೂ ಅಂಗಡಿಯ ಆಪರೇಟರಿಗೆ ಚೀಟಿಯಲ್ಲಿ ಬಂದಿರುವುದು ಮೂರಕ್ಕೆ ಆರು. ಅವರು ಫೈಲನ್ನು 72 ಇಂಚಿಗೆ ಕುಗ್ಗಿಸಿ ಕೂರಿಸಬಹುದು. ಆಗ ನಾವು ಹಾಕಿದ ಲೆಕ್ಕವೆಲ್ಲ ಮಣ್ಣುಪಾಲು. ಆರ್ಡರ್ ಚೀಟಿಯಲ್ಲೇ ಪ್ರಿಂಟ್ 36ಕ್ಕೆ 78 ಇಂಚು, ಕೆಳಗಿನ 6 ಇಂಚು ಬೇಸಿನೊಳಗೆ ಎಂದು ಬರೆಸಬೇಕು. ಜೊತೆಗೆ ಒಂದು ನಮೂನೆ ಚಿತ್ರ ಕಳುಹಿಸಿ, ಅದರಲ್ಲಿ ಒಳಗೆ ಹೋಗುವ ಭಾಗವನ್ನು ಬೂದು ಬಣ್ಣದಿಂದ ಮುಚ್ಚಿ ತೋರಿಸಿದರೆ ಒಂದು ಪುಟ ವಿವರಣೆಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆ ಬೂದು ಪಟ್ಟಿ ಮಾತ್ರ ಮುದ್ರಣದ ಫೈಲಿನಲ್ಲಿ ಇರಬಾರದು, ನಮೂನೆಯಲ್ಲಷ್ಟೇ. ಮುದ್ರಣದ ಫೈಲು ಪೂರ್ಣ ಅಳತೆಯಲ್ಲಿ ಇಂಚಿಗೆ 100 ಚುಕ್ಕೆ ಇದ್ದರೆ ಐದಾರು ಅಡಿ ದೂರದಿಂದ ಓದಲು ಸಾಕು. ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವುದಾದರೆ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಫೋಟೋ ಎಂದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಪ್ರಿಂಟ್ ಬಂದ ಮೇಲೆ, ಸ್ಟ್ಯಾಂಡಿಗೆ ಅಂಟಿಸುವ ಮೊದಲು, ಅದನ್ನು ನೆಲದ ಮೇಲೆ ಹಾಸಿ ನೋಡಲು ಐದು ನಿಮಿಷ ಕೇಳಿ. ಕ್ಯೂಆರ್ ಕೋಡಿನ ಉದ್ದ, ಅಗಲ ಎರಡನ್ನೂ ಅಳೆಯಿರಿ. ಆರಕ್ಕೆ ಆರು ಇಂಚು ಬಂದರೆ ಫೈಲು ಹಿಗ್ಗಿಲ್ಲ, ಕುಗ್ಗಿಲ್ಲ. ಅಗಲ ಆರೇ ಇದ್ದು ಎತ್ತರ ಐದೂವರೆ ಇದ್ದರೆ ಯಾರೋ ಒತ್ತಿ ಕೂರಿಸಿದ್ದಾರೆ. ಆಮೇಲೆ ಬುಡದ ಆರು ಇಂಚನ್ನು ಹಿಂದಕ್ಕೆ ಮಡಿಚಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಮಡಿಕೆಯ ಮೇಲೆ ಒಂದು ಗೇಣು ಬರಿಯ ಬಣ್ಣ ಉಳಿದಿದ್ದರೆ ಅಂಟಿಸಲು ಹೇಳಿ.

ಮೂರು ಇಂಚಿನ ತಪ್ಪಿಗೆ ಇಡೀ ಪ್ರಿಂಟ್ ಬಿಸಾಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ದುಡ್ಡು ಹೋಗುವುದು ಒಂದು. ಆ ಹಾಳೆ ಪ್ಲಾಸ್ಟಿಕ್, ಎಲ್ಲೂ ಕರಗದೆ ಉಳಿಯುತ್ತದೆ ಎನ್ನುವುದು ಇನ್ನೊಂದು. ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೇ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರಿಗೂ ನಿಷೇಧವಿದೆ. ಬಟ್ಟೆಯ ಮೇಲೆ ಮುದ್ರಿಸುವ ಅಂಗಡಿಗಳನ್ನು ಕೇಳಿ ನೋಡುವುದು ಒಳ್ಳೆಯದು. ಬಟ್ಟೆ ಸ್ಪ್ರಿಂಗಿನ ಎಳೆತಕ್ಕೆ ಸ್ವಲ್ಪ ಹಿಗ್ಗುವುದರಿಂದ ಬುಡದ ಖಾಲಿ ಜಾಗವನ್ನು ಒಂದೆರಡು ಇಂಚು ಹೆಚ್ಚಿಸಿಕೊಳ್ಳಬೇಕು, ಅಷ್ಟೆ.

ಈಗಾಗಲೇ ತಪ್ಪಾಗಿ ಮುದ್ರಿಸಿದ ಪ್ರಿಂಟನ್ನೂ ಎಷ್ಟೋ ಸಲ ಉಳಿಸಿಕೊಳ್ಳಬಹುದು. ಫೋನ್ ನಂಬರು ಪೆಟ್ಟಿಗೆಯೊಳಗೆ ಮುಳುಗಿದ್ದರೆ, ಕೋಲು ಎತ್ತರಿಸುವಂಥದ್ದಾಗಿದ್ದರೆ, ಮುಳುಗಿದ ಸಾಲು ಸೀಳಿನಿಂದ ಮೂರು ನಾಲ್ಕು ಇಂಚು ಮೇಲೆ ಬರುವವರೆಗೆ ಕೋಲನ್ನು ಏರಿಸಿ. ಏರಿಸಿದಷ್ಟೂ ಒಳಗಿನ ಭಾಗ ಹೊರಬಂದು ಟೇಪಿನ ಜೋಡಣೆ ಕಾಣಿಸಿಕೊಳ್ಳಬಹುದು. ಆಗ ಪ್ರಿಂಟನ್ನು ಬಿಚ್ಚಿ, ಅದೇ ಬಣ್ಣದ, ಅದೇ ಅಗಲದ ಒಂದು ಖಾಲಿ ತುಂಡನ್ನು ಪ್ರಿಂಟಿಗೂ ರೋಲರಿನ ಪಟ್ಟಿಗೂ ನಡುವೆ ಸೇರಿಸಿ ಅಂಟಿಸಬೇಕು. ತುಂಡಿನ ಉದ್ದ ಎಂಟರಿಂದ ಹತ್ತು ಇಂಚು ಇರಲಿ. ಹೊಸ ಜೋಡಣೆಯ ಹಿಂದೆ ಅಡ್ಡಲಾಗಿ ಪೂರ್ತಿ ಅಗಲಕ್ಕೆ ಇನ್ನೊಂದು ಟೇಪು ಎಳೆದರೆ ಎಳೆತ ಒಂದೇ ಕಡೆ ಬೀಳುವುದಿಲ್ಲ. ಈ ಕೆಲಸಕ್ಕೆ ಮೊದಲು ರೋಲರಿನ ಪಿನ್ ಮತ್ತೆ ಸಿಕ್ಕಿಸಿಕೊಳ್ಳುವುದನ್ನು ಮರೆಯಬಾರದು. ಪಿನ್ ಇಲ್ಲದೆ ಪ್ರಿಂಟನ್ನು ಕಿತ್ತರೆ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಪಟ್ಟಿಯನ್ನು ಒಳಗೆ ನುಂಗುತ್ತದೆ, ಮತ್ತೆ ತೆಗೆಯಬೇಕಾದರೆ ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನೇ ಬಿಚ್ಚಬೇಕಾಗುತ್ತದೆ.